ಐದೈದು ನಿಮಿಷದ ವಾಯ್ಸ್ ಮೆಸೇಜು, ಕೇಳೋಕೆ ಟೈಮಿಲ್ಲ: ಯಾವುದನ್ನು ಮೊದಲು ಕೇಳಬೇಕು ಅಂತ ಹೇಗೆ ಗೊತ್ತಾಗುತ್ತೆ?

ಬಾಳೆಎಲೆ (ಹಾಸನ)
ನಾನು, ನನ್ನ ತಮ್ಮ ಸೇರಿ ಮದುವೆ ಅಡುಗೆ ಕಂಟ್ರಾಕ್ಟ್ ಮಾಡುತ್ತೇವೆ. ಈಗ ಯಾರೂ ಮನೆಗೆ ಬಂದು ಕೂತು ಮಾತಾಡುವುದಿಲ್ಲ. ಒಂದೊಂದು ಮದುವೆಗೂ ಒಂದು ವಾಟ್ಸಾಪ್ ಗ್ರೂಪು. ಹುಡುಗಿ ಅಪ್ಪ, ಸೋದರಮಾವ, ಅತ್ತೆ, ಛತ್ರದ ಮ್ಯಾನೇಜರು ಎಲ್ಲರೂ ಅದರಲ್ಲೇ ಇರುತ್ತಾರೆ. ಎಲ್ಲರೂ ವಾಯ್ಸಿನಲ್ಲೇ ಮಾತಾಡುತ್ತಾರೆ. ಸೀಸನ್‌ನಲ್ಲಿ ಇಂಥ ಆರು ಗ್ರೂಪು ಒಟ್ಟಿಗೆ ನಡೆಯುತ್ತವೆ.

ಹೋದ ತಿಂಗಳು ಆದದ್ದು ಹೇಳುತ್ತೇನೆ. ಗುರುವಾರ ಸಂಜೆ ಸೋದರಮಾವ 4 ನಿಮಿಷ 38 ಸೆಕೆಂಡಿನ ವಾಯ್ಸ್ ಕಳಿಸಿದ್ದರು. ನಾನು ಆಗ ಇನ್ನೊಂದು ಮನೆಯ ಗೃಹಪ್ರವೇಶದ ಅಡುಗೆಯಲ್ಲಿದ್ದೆ. 2× ಹಾಕಿ ಒಂದು ನಿಮಿಷ ಕೇಳಿದೆ. ಛತ್ರದ ಮುಂದೆ ಕಾರು ನಿಲ್ಲಿಸುವ ವಿಷಯ. ನನಗೆ ಸಂಬಂಧ ಇಲ್ಲ ಅಂತ ಬಿಟ್ಟೆ. ಶನಿವಾರ ಸಂಜೆ ಐದು ಗಂಟೆಗೆ ಛತ್ರಕ್ಕೆ ಹೋದಾಗ ಗೊತ್ತಾಯಿತು, ಆ ರಾತ್ರಿ ಊಟಕ್ಕೆ 80 ಅಲ್ಲ, 180 ಎಲೆ. ಅದನ್ನು ಅವರು ಅದೇ ವಾಯ್ಸಿನಲ್ಲಿ, 4 ನಿಮಿಷ ದಾಟಿದ ಮೇಲೆ, "ಹಾಂ, ಇನ್ನೊಂದು ವಿಷಯ" ಅಂತ ಶುರು ಮಾಡಿ ಹೇಳಿದ್ದರು.

ಅಕ್ಕಿ, ಬೇಳೆ ಅಂಗಡಿಯಿಂದ ತರಿಸಿದೆವು. ಅನ್ನ, ಸಾರು ಹೇಗೋ ಆಯಿತು. ಪಾಯಸ ಸಾಕಾಗಲಿಲ್ಲ. ಕೊನೆಯ ಪಂಕ್ತಿಗೆ ಸಿಹಿ ಇಲ್ಲದೆ ಬಡಿಸಿದೆವು. ಮದುವೆ ಮನೆಯಲ್ಲಿ ಸಿಹಿ ಇಲ್ಲದ ಎಲೆ ಅಂದರೆ ಏನು ಅಂತ ನಿಮಗೆ ಗೊತ್ತು. ನಾನು ಮುಖ ಎತ್ತಿ ಅವರನ್ನು ನೋಡಲಿಲ್ಲ.

ಎಲ್ಲವನ್ನೂ ಕೇಳಿ ಅಂತ ಹೇಳಬೇಡಿ, ಆಗುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆಯಷ್ಟು ವಾಯ್ಸ್ ಬರುತ್ತದೆ. ಯಾವುದು ಈಗ, ಯಾವುದು ರಾತ್ರಿ ಅಂತ ವಿಂಗಡಿಸುವುದು ಹೇಗೆ?

ಕುಂದಾಪ್ರದ ಮಳೆ
2× ಹಾಕಿ ಪೂರ್ತಿ ಕೇಳಿ. ಒಂದೂವರೆ ಗಂಟೆ ಮುಕ್ಕಾಲು ಗಂಟೆ ಆಗುತ್ತೆ. ಮುಗೀತಲ್ಲ.

ಬಾಳೆಎಲೆ (ಹಾಸನ)
ಮುಕ್ಕಾಲು ಗಂಟೆಯೂ ಒಟ್ಟಿಗೆ ಸಿಗುವುದಿಲ್ಲ. ಒಲೆ ಮುಂದೆ ಇದ್ದಾಗ ಎರಡು ನಿಮಿಷ, ಗಾಡಿಯಲ್ಲಿ ಐದು ನಿಮಿಷ, ಹಾಗೆ ಸಿಗುತ್ತದೆ.

ಟೈಪ್ ಮಾಡಿ ಪ್ಲೀಸ್
ಗ್ರೂಪಿನಲ್ಲಿ ಒಂದೇ ಮಾತು ಹೇಳಿಬಿಡಿ. ವಾಯ್ಸ್ ಕಳಿಸಿದರೆ ನಾವು ಕೇಳುವುದಿಲ್ಲ, ಟೈಪ್ ಮಾಡಿ ಅಂತ. ದುಡ್ಡು ಕೊಡುವವರಿಗೂ ಶಿಸ್ತು ಬೇಕಲ್ವಾ?

ಮೇಷ್ಟ್ರು, ತಿಪಟೂರು
ಟೈಪ್ ಮಾಡಿ ಅನ್ನುವವರಿಗೆ ಒಂದು ಮಾತು. ನನಗೆ 71 ವರ್ಷ. ಬಲಗೈ ನಡುಗುತ್ತದೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ್ದು ಮರೆತುಹೋಗುತ್ತದೆ. ನಮ್ಮೂರಲ್ಲಿ ನನಗಿಂತ ಚಿಕ್ಕವರೂ ಎಷ್ಟೋ ಜನ ಓದುತ್ತಾರೆ, ಆದರೆ ಫೋನಿನಲ್ಲಿ ಬರೆಯಲಾರರು. ವಾಯ್ಸ್ ಬಂದ ಮೇಲೆಯೇ ಅವರು ಗ್ರೂಪುಗಳಲ್ಲಿ ಬಾಯಿ ಬಿಟ್ಟದ್ದು. ಅದನ್ನು ನಿಲ್ಲಿಸಬೇಡಿ.

ಟೈಪ್ ಮಾಡಿ ಪ್ಲೀಸ್
ಮೇಷ್ಟ್ರೇ, ನಿಮಗೆ ಹೇಳಲಿಲ್ಲ. ಕೈ ಸರಿ ಇದ್ದೂ ಐದು ನಿಮಿಷ ಮಾತಾಡುವವರಿಗೆ ಹೇಳಿದ್ದು.

ಸವಿತಾ_ಬೆಂ
Settings > Chats > Voice message transcripts ಆನ್ ಮಾಡಿ. ವಾಯ್ಸ್ ಕೆಳಗೆ ಅಕ್ಷರದಲ್ಲಿ ಬರುತ್ತೆ. ಓದಿದರೆ ಹತ್ತು ಸೆಕೆಂಡು. ಇಷ್ಟು ಸುಲಭ ಇರುವಾಗ ಇಷ್ಟೊಂದು ಚರ್ಚೆ ಯಾಕೆ?

ಲಾರಿ ಆಫೀಸು, ಹುಬ್ಬಳ್ಳಿ
ಸವಿತಾ ಅವರೇ, ಒಳ್ಳೆ ಸೌಲಭ್ಯ, ಆದರೆ ಕನ್ನಡಕ್ಕೆ ಸಿಗುತ್ತದೆ ಅಂತ ಖಾತ್ರಿ ಇಲ್ಲ. ನವೆಂಬರ್ 2024ರಲ್ಲಿ ವಾಟ್ಸಾಪ್ ಅದನ್ನು ಪ್ರಕಟಿಸಿದಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಟ್ಟಿ ಫೋನಿನಿಂದ ಫೋನಿಗೆ ಬೇರೆ ಇರುತ್ತದೆ, ಹಾಗಾಗಿ ಅಕ್ಕ ಒಮ್ಮೆ ತಮ್ಮ ಫೋನಿನಲ್ಲಿ ನೋಡಿಕೊಳ್ಳಲಿ. ಕನ್ನಡ ಕಾಣದಿದ್ದರೆ ಇಂಗ್ಲಿಷ್ ಒತ್ತಿ ನೋಡೋಣ ಅನ್ನಬೇಡಿ. ನಾನು ನೋಡಿದ್ದೇನೆ. ಕನ್ನಡದ ಮಾತನ್ನು ಇಂಗ್ಲಿಷ್ ಶಬ್ದಗಳ ಹಾಗೆ ಬರೆದುಕೊಡುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಅದನ್ನು ನಂಬಿ ಎಲೆ ಲೆಕ್ಕ ಹಾಕಿದರೆ ಮತ್ತೆ ಅದೇ ಕಥೆ.

ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಾಡಿ ಕಳಿಸುವ ಕೆಲಸ ನೋಡುತ್ತೇನೆ. ಡ್ರೈವರ್‌ಗಳು ಸ್ಟೇರಿಂಗ್ ಬಿಟ್ಟು ಟೈಪ್ ಮಾಡುವುದಿಲ್ಲ, ಮಾಡಲೂಬಾರದು. ದಿನಕ್ಕೆ ಅರವತ್ತು, ಎಪ್ಪತ್ತು ವಾಯ್ಸ್ ಬರುತ್ತವೆ. ಎಂಟು ವರ್ಷದಿಂದ ಇದೇ ಕೆಲಸ. ಅಕ್ಕಾ, ಆ ಗುರುವಾರ ಸಂಜೆಯ ಗ್ರೂಪ್ ಇನ್ನೂ ಇದೆಯಾ? ಯಾರು, ಎಷ್ಟು ಹೊತ್ತಿಗೆ, ಎಷ್ಟು ಉದ್ದದ ವಾಯ್ಸ್ ಕಳಿಸಿದ್ದರು ಅಂತ ಸಾಲಾಗಿ ಬರೆಯಿರಿ. ಒಳಗೆ ಏನಿದೆ ಅಂತ ಹೇಳಬೇಡಿ. ಅದನ್ನೇ ಇಟ್ಟುಕೊಂಡು ಮಾತಾಡೋಣ.

ಚಿಕ್ಕು
ನನಗೂ ಇದೇ ತೊಂದರೆ. ವಾಯ್ಸ್ ಜಾಸ್ತಿ ಆಗಿ ಫೋನ್ ಮೆಮೊರಿ ತುಂಬಿದೆ. ಎಲ್ಲಾ ಒಟ್ಟಿಗೆ ಡಿಲೀಟ್ ಮಾಡುವುದು ಹೇಗೆ?

ಸವಿತಾ_ಬೆಂ
ಚಿಕ್ಕು, ಅವರು ಕೇಳಿದ್ದು ಅದಲ್ಲ. Settings > Storage and data > Manage storage ಒಳಗೆ ಹೋಗಿ, ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಅಂತ ಕಾಣುತ್ತೆ. ಆದರೆ ಜಾಗ ತಿನ್ನುವುದು ವೀಡಿಯೊ. ವಾಯ್ಸ್ ತುಂಬಾ ಚಿಕ್ಕ ಫೈಲು.

ಬಾಳೆಎಲೆ (ಹಾಸನ)
@ಲಾರಿ ಆಫೀಸು, ಇದೆ. ನೋಡಿ ಬರೆದಿದ್ದೇನೆ.

6:02 ಹುಡುಗಿ ಅಪ್ಪ, 0:14
6:10 ಸೋದರಮಾವ, 4:38
6:16 ಸೋದರಮಾವ, 2:51
6:31 ಅತ್ತೆ, 3:20
6:40 ಛತ್ರದ ಮ್ಯಾನೇಜರ್, 0:47
6:52 ಹುಡುಗಿ ಅಪ್ಪ, ದಿನಸಿ ಚೀಟಿಯ ಫೋಟೊ, ಅದರ ಕೆಳಗೆ 1:05
7:05 ಸೋದರಮಾವ, 0:09

ಲಾರಿ ಆಫೀಸು, ಹುಬ್ಬಳ್ಳಿ
ಒಟ್ಟು 13 ನಿಮಿಷ 4 ಸೆಕೆಂಡು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ.

ಮೊದಲು ಏನನ್ನೂ ಒತ್ತುವುದಿಲ್ಲ. ಈ ಪಟ್ಟಿಯನ್ನೇ ಕಣ್ಣಲ್ಲಿ ನೋಡುತ್ತೇನೆ. ಕಣ್ಣಿಗೆ ಹೊಡೆಯುವುದು ಕೊನೆಯ 0:09. ಅಷ್ಟು ಹೊತ್ತು ಮಾತಾಡಿದ ಮನುಷ್ಯ ಮುಕ್ಕಾಲು ಗಂಟೆ ಬಿಟ್ಟು ಒಂಬತ್ತು ಸೆಕೆಂಡು ಮಾತಾಡಿದ್ದಾನೆ ಅಂದರೆ, ಮುಂಚೆ ಹೇಳಿದ್ದನ್ನು ಬದಲಾಯಿಸಿದ್ದಾನೆ, ಇಲ್ಲವೇ ಖಚಿತ ಮಾಡಿದ್ದಾನೆ. ನನ್ನ ಡ್ರೈವರ್‌ಗಳೂ ಹೀಗೇ. ಉದ್ದದ್ದು ಕಥೆ, ಆಮೇಲೆ ಬರುವ ಪುಟ್ಟದ್ದು ತೀರ್ಮಾನ. ಅದನ್ನು ಮೊದಲು ಕೇಳುತ್ತೇನೆ. ಅದರಲ್ಲಿ ಏನಿತ್ತು ಅಕ್ಕಾ?

ಬಾಳೆಎಲೆ (ಹಾಸನ)
ಈಗ ಕೇಳಿದೆ. "ಹಾಂ, ಆ ಎರಡನೇದು ಬಿಡಿ, ಮೊದಲು ಹೇಳಿದ್ದೇ ಇರಲಿ." ಅಷ್ಟೇ.

ಲಾರಿ ಆಫೀಸು, ಹುಬ್ಬಳ್ಳಿ
ನೋಡಿ, ಒಂಬತ್ತು ಸೆಕೆಂಡಿನಲ್ಲಿ ಎಷ್ಟು ಗೊತ್ತಾಯಿತು! 2:51ರದ್ದು ಅವರೇ ರದ್ದು ಮಾಡಿದ್ದಾರೆ, ಈಗ ಕೇಳಬೇಕಾಗಿಲ್ಲ. 4:38ರದ್ದು ಪೂರ್ತಿ ಕೇಳಲೇಬೇಕು, ಯಾಕೆಂದರೆ "ಮೊದಲು ಹೇಳಿದ್ದು" ಅದರೊಳಗೆ ಎಲ್ಲೋ ಇದೆ. ನೀವು ಮೇಲಿಂದ ಕೆಳಗೆ ಹೋದಿರಿ. ಅದಕ್ಕೇ 4:38 ಬರೀ ಕಾರಿನ ವಿಷಯ ಅನ್ನಿಸಿತು. ಕೆಳಗಿಂದ ಮೇಲೆ ಬರಬೇಕು.

ಆಮೇಲೆ ಚಿಕ್ಕವು ಮೂರು, 0:14, 0:47, 1:05. ಇವನ್ನು ಪೂರ್ತಿ ಕೇಳುತ್ತೇನೆ, ಎರಡು ನಿಮಿಷ ಸಾಕು. 1:05ರ ಮೇಲೆ ಚೀಟಿಯ ಫೋಟೊ ಇದೆ, ಹಾಗಾಗಿ ಅದು ದಿನಸಿ ವಿಷಯ, ಖಂಡಿತ ನಿಮ್ಮದೇ. ಉಳಿದದ್ದು ಅತ್ತೆಯ 3:20. ಅದಕ್ಕೆ ಮೊದಲ 15 ಸೆಕೆಂಡು, ಕೊನೆಯ 45 ಸೆಕೆಂಡು. ಎಲ್ಲ ಕೂಡಿಸಿದರೆ ಎಂಟು ನಿಮಿಷದ ಒಳಗೆ. ನೀವು ಹೇಳಿದ ಎರಡು ನಿಮಿಷ, ಐದು ನಿಮಿಷದ ಬಿಡುವಿನಲ್ಲೇ ಆಗುತ್ತದೆ.

ಬಾಳೆಎಲೆ (ಹಾಸನ)
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಒಂಬತ್ತು ಸೆಕೆಂಡನ್ನು ನಾನು ಅವತ್ತು ಮುಟ್ಟಿಯೇ ಇರಲಿಲ್ಲ.

ಕುಂದಾಪ್ರದ ಮಳೆ
ಕೊನೆಯ 45 ಸೆಕೆಂಡು ಯಾಕೆ? ಮುಖ್ಯ ವಿಷಯ ಮೊದಲೇ ಹೇಳುತ್ತಾರಲ್ಲ.

ಲಾರಿ ಆಫೀಸು, ಹುಬ್ಬಳ್ಳಿ
ನಮ್ಮ ಜನ ಹೇಳುವುದಿಲ್ಲ! ಮೊದಲು ಆರೋಗ್ಯ, ಮಳೆ, ಊಟ ಆಯ್ತಾ. ಆಮೇಲೆ ಯಾಕೆ ಹೇಳುತ್ತಿದ್ದೇನೆ ಅನ್ನುವ ಪೀಠಿಕೆ. "ಇನ್ನೇನಿಲ್ಲ, ಇಷ್ಟೇ" ಅಂದ ಮೇಲೆ ನೆನಪಾಗುತ್ತದೆ, "ಹಾಂ, ಮರೆತಿದ್ದೆ" ಅಂತ. ಆ "ಹಾಂ" ಆದ ಮೇಲೆ ಬರುವುದೇ ಕೆಲಸದ ಮಾತು. ಅಕ್ಕನ 180 ಎಲೆ ಅಲ್ಲೇ ಇತ್ತು. 4:38ರ ಕೊನೆಯ 45 ಸೆಕೆಂಡು ಅಂದರೆ 3:53ರಿಂದ. ಆ 0:09 ಬರದೇ ಇದ್ದಿದ್ದರೂ ಸಿಕ್ಕಿಬಿಡುತ್ತಿತ್ತು. ಆ ಗೆರೆಯ ಮೇಲಿನ ಚುಕ್ಕಿಯನ್ನು ಬೆರಳಲ್ಲಿ ಹಿಡಿದು ಎಳೆದರೆ ಬೇಕಾದ ಕಡೆ ಹೋಗಬಹುದು.

ಡಿಜೆ ಪ್ರವೀಣ
ಆ ಗೆರೆಯಲ್ಲೇ ಎಲ್ಲ ಕಾಣುತ್ತೆ ಗುರು. ಎಲ್ಲಿ ಕಡ್ಡಿ ಎತ್ತರ ಇದೆಯೋ ಅಲ್ಲಿ ಮುಖ್ಯ ವಿಷಯ. ಚಪ್ಪಟೆ ಇದ್ದರೆ ಬಿಟ್ಟುಬಿಡಿ. ನಾನು ಹಾಡು ಮಿಕ್ಸ್ ಮಾಡುವವನು, ಅಲೆ ನೋಡಿದರೆ ಗೊತ್ತಾಗುತ್ತೆ.

ಲಾರಿ ಆಫೀಸು, ಹುಬ್ಬಳ್ಳಿ
ಅರ್ಧ ಸರಿ ತಮ್ಮಾ. ಅದು ಸದ್ದಿನ ಎತ್ತರ, ಮಾತಿನ ತೂಕ ಅಲ್ಲ. ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆದರೂ ಕಡ್ಡಿ ಏರುತ್ತದೆ. ದುಡ್ಡಿನ ವಿಷಯವನ್ನು ಜನ ಮೆಲ್ಲಗೆ ಹೇಳುತ್ತಾರೆ, ಅಲ್ಲಿ ಕಡ್ಡಿ ಗಿಡ್ಡವೇ ಇರುತ್ತದೆ. ಆದರೆ ಚಪ್ಪಟೆ ಜಾಗ ಬೇರೆ ರೀತಿಯಲ್ಲಿ ಉಪಯೋಗ. ಎರಡು ಮೂರು ಸೆಕೆಂಡು ಮೌನ ಆದ ಮೇಲೆ ಮತ್ತೆ ಮಾತು ಶುರು ಆಗಿದ್ದರೆ, ಎಷ್ಟೋ ಸಲ ವಿಷಯ ಬದಲಾಗಿರುತ್ತದೆ. ನಾನು ಮಧ್ಯದಲ್ಲಿ ಎಲ್ಲಾದರೂ ಒತ್ತಬೇಕಾದರೆ ಅಲ್ಲಿ ಒತ್ತುತ್ತೇನೆ.

ಡಿಜೆ ಪ್ರವೀಣ
ಹಾರ್ನ್ ವಿಷಯ ಒಪ್ಪಿದೆ. ಮದುವೆ ಮನೆ ವಾಯ್ಸ್ ಅಂದರೆ ಹಿಂದೆ ವಾಲಗವೂ ಇರುತ್ತೆ.

ಆಶಾ_ಮೂಡಿಗೆರೆ ಕಡೆ
ನಾನು ಆಶಾ ಕಾರ್ಯಕರ್ತೆ. ಮೇಲಿನದೆಲ್ಲ ಓದಿ ಹೆದರಿಕೆ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ಒಮ್ಮೆ ರಾತ್ರಿ ಹನ್ನೊಂದಕ್ಕೆ ಗರ್ಭಿಣಿಯೊಬ್ಬರ ಗಂಡ ಎರಡು ನಿಮಿಷದ ವಾಯ್ಸ್ ಕಳಿಸಿದರು. ಶುರುವಿನಲ್ಲಿ "ಹೊತ್ತಲ್ಲದ ಹೊತ್ತಲ್ಲಿ ತೊಂದರೆ ಕೊಟ್ಟೆ" ಅಂತ ಕ್ಷಮೆ. ಕೊನೆಯಲ್ಲಿ "ನಾಳೆ ಬೆಳಿಗ್ಗೆ ಬಂದರೂ ಆಯಿತು ಅಕ್ಕಾ". ನಡುವೆ, ಒಂದು ನಿಮಿಷದ ಹತ್ತಿರ, ತುಂಬಾ ನಿಧಾನವಾಗಿ ಹೇಳಿದ್ದರು, ಸ್ವಲ್ಪ ರಕ್ತ ಹೋಗುತ್ತಿದೆ ಅಂತ. ಮೊದಲು, ಕೊನೆ ಮಾತ್ರ ಕೇಳಿದ್ದರೆ ನಾನು ಮಲಗಿಬಿಡುತ್ತಿದ್ದೆ. ಪೂರ್ತಿ ಕೇಳಿದ್ದರಿಂದ ತಕ್ಷಣ 108ಕ್ಕೆ ಮಾಡಿಸಿದೆ. ತಾಯಿ, ಮಗು ಚೆನ್ನಾಗಿದ್ದಾರೆ.

ನಾಚಿಕೆ ವಿಷಯ, ಹೆದರಿಕೆ ವಿಷಯವನ್ನು ಜನ ನಡುವೆ ಅಡಗಿಸಿ ಹೇಳುತ್ತಾರೆ. ನನ್ನ ಕೆಲಸದಲ್ಲಿ ಈ ಮೊದಲು, ಕೊನೆ ಲೆಕ್ಕ ನಡೆಯುವುದಿಲ್ಲ.

ಲಾರಿ ಆಫೀಸು, ಹುಬ್ಬಳ್ಳಿ
ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ ತಾಯಿ. ನಾನು ಹೇಳಿದ್ದು ಸರಕು, ಲೆಕ್ಕ, ಗಾಡಿ ಹೊತ್ತಿಗೆ. ನಮ್ಮಲ್ಲೂ ಒಂದು ಕಟ್ಟುನಿಟ್ಟು ಇದೆ. ಗಾಡಿ ಕೆಟ್ಟರೆ, ಪೆಟ್ಟಾದರೆ ವಾಯ್ಸ್ ಕಳಿಸುವಂತಿಲ್ಲ, ಫೋನೇ ಮಾಡಬೇಕು.

ಆಶಾ_ಮೂಡಿಗೆರೆ ಕಡೆ
ನಾನೂ ಮನೆಮನೆಗೆ ಹೋದಾಗ ಅದೇ ಹೇಳುತ್ತೇನೆ. ರಕ್ತ, ಜ್ವರ, ಮಗು ಅಲುಗದಿರುವುದು, ಇದಕ್ಕೆ ಫೋನ್ ಮಾಡಿ ಅಂತ. ಆದರೂ ವಾಯ್ಸೇ ಬರುತ್ತದೆ. ಫೋನ್ ಮಾಡಿದರೆ ತೊಂದರೆ ಕೊಟ್ಟ ಹಾಗೆ, ವಾಯ್ಸ್ ಆದರೆ ಪರವಾಗಿಲ್ಲ ಅಂದುಕೊಳ್ಳುತ್ತಾರೆ.

ಮಸ್ಕತ್ ಮಗಳು
ನಮ್ಮಮ್ಮ ಸಾಗರದಿಂದ ಒಂಬತ್ತು ನಿಮಿಷದ ವಾಯ್ಸ್ ಕಳಿಸುತ್ತಾರೆ. ಹಿಂದೆ ಕುಕ್ಕರ್ ಸೀಟಿ, ನಾಯಿ ಬೊಗಳುವುದು, ಎಲ್ಲ ಇರುತ್ತದೆ. ಅದನ್ನು ವಿಂಗಡಿಸಿ, ಎಳೆದು ಕೇಳುವುದು ಅಂದರೆ ನನಗೆ ಮನಸ್ಸು ಬರುವುದಿಲ್ಲ. ಶುಕ್ರವಾರ ರಜೆ, ಅವತ್ತು 1×ನಲ್ಲಿ ಪೂರ್ತಿ ಕೇಳುತ್ತೇನೆ.

ಟೈಪ್ ಮಾಡಿ ಪ್ಲೀಸ್
ಅಮ್ಮನ ಮಾತಿಗೂ ದಿನಸಿ ಲೆಕ್ಕಕ್ಕೂ ಎಲ್ಲಿಯ ಸಂಬಂಧ ಅಕ್ಕ. ಇಲ್ಲಿ ಕೆಲಸದ ವಿಷಯ ನಡೆಯುತ್ತಿದೆ.

ಮಸ್ಕತ್ ಮಗಳು
ಸಂಬಂಧ ಇದೆ. ಅಮ್ಮನದೂ, ಆಫೀಸಿನದೂ, ಅಪಾರ್ಟ್‌ಮೆಂಟಿನದೂ ಒಂದೇ ಫೋನಿಗೆ ಬರುತ್ತದೆ. ಯಾವುದನ್ನು ಎಳೆದು ಕೇಳಬಹುದು, ಯಾವುದನ್ನು ಬಾರದು ಅಂತ ಮೊದಲು ನಿರ್ಧಾರ ಮಾಡಬೇಕಲ್ಲ. ಅಮ್ಮನ ಚಾಟ್ ಮೇಲೆ ಪಿನ್ ಮಾಡಿದ್ದೇನೆ, ಅದು ಉಳಿದವುಗಳ ಜೊತೆ ಬೆರೆಯುವುದೇ ಇಲ್ಲ.

ಕಾಫಿ ಪುಡಿ
ಬಾಳೆಎಲೆ ಅವರು ಒಂದು ವಿಷಯ ಹೇಳಲಿಲ್ಲ. ಸೋದರಮಾವ ಏನಂದರು?

ಬಾಳೆಎಲೆ (ಹಾಸನ)
ಅದೇ ದೊಡ್ಡ ನೋವು. ಅವರು ಆ ವಾಯ್ಸ್ ಒತ್ತಿ ಹಿಡಿದು, ಮಾಹಿತಿ ತೆಗೆದು ನನಗೆ ತೋರಿಸಿದರು. Played by ಅಂತ ಇತ್ತು, ಅದರಲ್ಲಿ ನನ್ನ ಹೆಸರು, ಗುರುವಾರದ ಹೊತ್ತು. "ಕೇಳಿದ್ದೀರಲ್ಲಮ್ಮಾ, ಕೇಳಿಯೂ ಮಾಡಲಿಲ್ಲವಾ" ಅಂದರು. ಒಂದು ನಿಮಿಷ ಮಾತ್ರ ಕೇಳಿದೆ ಅಂತ ಹೇಗೆ ಹೇಳುವುದು?

ಸವಿತಾ_ಬೆಂ
ಅದಕ್ಕೆ ದಾರಿ ಇದೆ. Read receipts ಆಫ್ ಮಾಡಿ. ನೀಲಿ ಟಿಕ್ ಹೋಗುತ್ತೆ, ನೀಲಿ ಮೈಕೂ ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ.

ಲಾರಿ ಆಫೀಸು, ಹುಬ್ಬಳ್ಳಿ
ಇಲ್ಲ ಸವಿತಾ ಅವರೇ, ಇಲ್ಲಿ ಎಷ್ಟೋ ಜನ ಎಡವುತ್ತಾರೆ. Read receipts ಆಫ್ ಮಾಡಿದರೆ ಒಬ್ಬರಿಗೊಬ್ಬರ ಚಾಟ್‌ನಲ್ಲಿ ನೀಲಿ ಟಿಕ್ ಹೋಗುತ್ತದೆ. ಗ್ರೂಪಿನಲ್ಲಿ ಹೋಗುವುದಿಲ್ಲ. ವಾಯ್ಸ್ ಕೇಳಿದ ಗುರುತು ಎಲ್ಲೂ ಹೋಗುವುದಿಲ್ಲ. ವಾಟ್ಸಾಪ್‌ನವರೇ ಹಾಗೆ ಬರೆದಿದ್ದಾರೆ.

ಇನ್ನೊಂದು, ಇದು ಬಹಳ ಮುಖ್ಯ. ಒಂದು ಸೆಕೆಂಡು ಒತ್ತಿದರೂ ಅದು ಕೇಳಿದ ಲೆಕ್ಕಕ್ಕೆ ಹೋಗುತ್ತದೆ. ಕಳಿಸಿದವನಿಗೆ ಪೂರ್ತಿ ಕೇಳಿದ ಹಾಗೆ ಕಾಣುತ್ತದೆ. ನಿಮಗೂ ಹಾಗೇ ಕಾಣುತ್ತದೆ, ನಾಳೆ ನೋಡಿದರೆ ಯಾವುದನ್ನು ಅರ್ಧ ಬಿಟ್ಟಿರಿ ಅಂತ ಗೊತ್ತಾಗದೇ ಹೋಗಬಹುದು. ಅದರ ಮೇಲೆ, ಸಾಲಾಗಿ ವಾಯ್ಸ್ ಇದ್ದರೆ ಒಂದು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರು ಆಗುತ್ತದೆ. ನೀವು ಫೋನ್ ಕೆಳಗಿಟ್ಟು ಸೌಟು ಹಿಡಿದಿರಿ, ಅಲ್ಲಿ ಮೂರು ವಾಯ್ಸ್ ಕೇಳಿದ ಗುರುತು ಬಿದ್ದಿರುತ್ತದೆ. ಹಾಗಾಗಿ ಎಳೆದು ಕೇಳುವವರು ಮುಗಿಯುವ ಮುಂಚೆ ನಿಲ್ಲಿಸಬೇಕು, ಆ ಕೂಡಲೇ ಒಂದು ಗುರುತು ಹಾಕಬೇಕು.

ನಾನು ಮಾಡುವುದು ಇಷ್ಟು. ಅರ್ಧ ಕೇಳಿದ್ದಕ್ಕೆ ನಕ್ಷತ್ರ ಹಾಕುತ್ತೇನೆ. ಒತ್ತಿ ಹಿಡಿದರೆ ನಕ್ಷತ್ರ ಬರುತ್ತದೆ. ರಾತ್ರಿ ನಕ್ಷತ್ರದ ಪಟ್ಟಿ ತೆಗೆದು, ಪೂರ್ತಿ ಕೇಳಿ, ನಕ್ಷತ್ರ ತೆಗೆಯುತ್ತೇನೆ. ಪಟ್ಟಿ ಖಾಲಿ ಆಗದೆ ಆಫೀಸ್ ಬಾಗಿಲು ಹಾಕುವುದಿಲ್ಲ. ಕಳಿಸಿದವನಿಗೂ ಆ ವಾಯ್ಸನ್ನೇ ಬಲಕ್ಕೆ ಎಳೆದು, ಅದಕ್ಕೆ ಉತ್ತರವಾಗಿ ಒಂದು ಸಾಲು ಬರೆಯುತ್ತೇನೆ, "ಅರ್ಧ ಕೇಳಿದೆ, 9ಕ್ಕೆ ಪೂರ್ತಿ ಕೇಳುತ್ತೇನೆ, ಅರ್ಜೆಂಟ್ ಇದ್ದರೆ ಫೋನ್ ಮಾಡಿ".

ಕಾಫಿ ಪುಡಿ
ಆ ಒಂದು ಸಾಲು ಇದ್ದಿದ್ದರೆ ಮಾವ ಅವತ್ತೇ ಫೋನ್ ಮಾಡುತ್ತಿದ್ದರು.

ಬಾಳೆಎಲೆ (ಹಾಸನ)
ಹೌದು. ಅವರು ಒಳ್ಳೆಯವರು. ಮಾಡುತ್ತಿದ್ದರು.

ಕುಂದಾಪ್ರದ ಮಳೆ
ಆದರೂ 2× ಬಿಟ್ಟು ಎಳೆದಾಡುವುದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ನಾನು ಎಲ್ಲ 2×ನಲ್ಲೇ ಕೇಳುತ್ತೇನೆ, ಒಂದೂ ತಪ್ಪಿಲ್ಲ.

ಅಡಿಕೆ ಮಂಡಿ
ತಪ್ಪಿಲ್ಲ ಅಂತ ಹೇಗೆ ಗೊತ್ತು? ನನಗೆ ಆದದ್ದು ಕೇಳಿ. 2×ನಲ್ಲಿ "ಇಪ್ಪತ್ತು ಮೂಟೆ" ಅಂತ ಕೇಳಿಸಿತು. ಇಪ್ಪತ್ತಕ್ಕೆ ಜಾಗ ಮಾಡಿಟ್ಟೆ. ಬಂದದ್ದು ಎಪ್ಪತ್ತು. ಇಪ್ಪತ್ತು, ಎಪ್ಪತ್ತು, ಮೊದಲ ಅಕ್ಷರ ಒಂದು ಹಾರಿದರೆ ಐವತ್ತು ಮೂಟೆ ವ್ಯತ್ಯಾಸ. ಆಮೇಲೆ 1×ನಲ್ಲಿ ಮತ್ತೆ ಕೇಳಿದೆ, ಅವರು ಸರಿಯಾಗೇ "ಎ" ಅಂದಿದ್ದರು.

ಲಾರಿ ಆಫೀಸು, ಹುಬ್ಬಳ್ಳಿ
ಇದು ಅನುಭವದ ಮಾತು. ನಾನು 1.5×ನಲ್ಲಿ ಕೇಳುತ್ತೇನೆ, ಸಂಖ್ಯೆ ಬಂದ ಕೂಡಲೇ ಸ್ವಲ್ಪ ಹಿಂದೆ ಎಳೆದು 1× ಮಾಡುತ್ತೇನೆ. 2× ಬಳಸುವುದು ಯಾವ ವಿಷಯ ಅಂತ ತಿಳಿಯುವುದಕ್ಕೆ ಮಾತ್ರ.

ಕನ್ನಡದಲ್ಲಿ ಇನ್ನೊಂದು ಅಪಾಯ ಇದೆ. ನಮ್ಮ ವಾಕ್ಯದಲ್ಲಿ ಬೇಕೋ ಬೇಡವೋ ಅನ್ನುವುದು ತೀರಾ ಕೊನೆಗೆ ಬರುತ್ತದೆ. "ಧಾರವಾಡದ ಲೋಡು ನಾಳೆ ಬೆಳಿಗ್ಗೆ ಆರಕ್ಕೇ ಹಾಕಿಸೋದು" ಅಂತ ಕೇಳಿ ನಿಲ್ಲಿಸಿದರೆ ಕೆಟ್ಟೆ. ಆಮೇಲೆ "ಬೇಡ" ಅಂತ ಮೆಲ್ಲಗೆ ಅಂದಿರುತ್ತಾನೆ. ಎಳೆದು ಕೇಳುವಾಗ ವಾಕ್ಯದ ನಡುವೆ ಕೈ ತೆಗೆಯಬಾರದು, ಅವನು ಉಸಿರು ತೆಗೆದುಕೊಳ್ಳುವ ತನಕ ಕೇಳಬೇಕು.

ಮೇಷ್ಟ್ರು, ತಿಪಟೂರು
ಬಹಳ ಸರಿಯಾಗಿ ಗಮನಿಸಿದ್ದೀರಿ. "ಬರ್ತಾರೆ", "ಬರಲ್ಲ" ಎರಡಕ್ಕೂ ವ್ಯತ್ಯಾಸ ಬಾಲದಲ್ಲೇ ಇದೆ.

ಕುಂದಾಪ್ರದ ಮಳೆ
ಸರಿ, ಸಂಖ್ಯೆ ವಿಷಯ ಒಪ್ಪಿದೆ. ಉಳಿದದ್ದಕ್ಕೆ ನನಗೆ 2× ಸಾಕು.

ದಾವಣಗೆರೆ ಬೆಣ್ಣೆ
ನಾನು ಒಂದು ಸಣ್ಣ ಉಪಾಯ ಮಾಡುತ್ತೇನೆ. ವಾಯ್ಸ್ ಒತ್ತಿ, ಆ ಚಾಟ್‌ನಿಂದ ಹೊರಗೆ ಬರುತ್ತೇನೆ. ಅದು ಓಡುತ್ತಲೇ ಇರುತ್ತದೆ, ಅಷ್ಟರಲ್ಲಿ ಬೇರೆ ಮೆಸೇಜ್ ಓದಿ ಮುಗಿಸುತ್ತೇನೆ. 2022ರಿಂದ ಬಂದ ಸೌಲಭ್ಯ. ಟೈಮ್ ಉಳಿಯುತ್ತೆ.

ಅಡಿಕೆ ಮಂಡಿ
ಓದುತ್ತಾ ಕೇಳಿದರೆ ಎರಡೂ ತಲೆಗೆ ಹೋಗುವುದಿಲ್ಲ. ಕೇಳಿದ ಗುರುತು ಮಾತ್ರ ಬೀಳುತ್ತದೆ. ಕೆಲಸದ ವಾಯ್ಸಿಗೆ ಹಾಗೆ ಮಾಡಬೇಡಿ.

ಕಾಫಿ ಪುಡಿ
ಕೇಳಿದ ಮೇಲೆ ಎಲ್ಲಿ ಬರೆದಿಡುತ್ತೀರಿ? ಎರಡು ದಿನ ಬಿಟ್ಟು "ಅದು ಯಾವ ವಾಯ್ಸಲ್ಲಿ ಇತ್ತು" ಅಂತ ಹುಡುಕುವುದೇ ನನಗೆ ದೊಡ್ಡ ಕಷ್ಟ.

ಲಾರಿ ಆಫೀಸು, ಹುಬ್ಬಳ್ಳಿ
ವಾಟ್ಸಾಪ್ ಹುಡುಕಾಟದಲ್ಲಿ ಅಕ್ಷರ ಸಿಗುತ್ತದೆ, ಮಾತು ಸಿಗುವುದಿಲ್ಲ. ಅದಕ್ಕೇ ಆ ವಾಯ್ಸಿಗೇ ಉತ್ತರವಾಗಿ ಬರೆಯಬೇಕು. ಅಕ್ಕನ ವಿಷಯಕ್ಕೆ ಹೇಳುವುದಾದರೆ, 4:38ರದ್ದನ್ನು ಬಲಕ್ಕೆ ಎಳೆದು "ಶನಿವಾರ ರಾತ್ರಿ, 180 ಎಲೆ, ಸರಿನಾ?" ಅಂತ ಬರೆಯುವುದು. ಮಾವ "ಹೂಂ" ಅಂದರೆ ಲೆಕ್ಕ ಖಚಿತ. ಮುಂದೆ "180" ಅಂತಲೋ "ಎಲೆ" ಅಂತಲೋ ಹುಡುಕಿದರೆ ನಿಮ್ಮ ಸಾಲು ಸಿಗುತ್ತದೆ, ಅದರ ಮೇಲಿನ ತುಣುಕು ಒತ್ತಿದರೆ ನೇರ ಆ ವಾಯ್ಸಿಗೇ ಹೋಗುತ್ತದೆ. ಅವರು ಟೈಪ್ ಮಾಡಬೇಕಾಗಿಲ್ಲ. ನಾವು ಒಂದು ಸಾಲು ಟೈಪ್ ಮಾಡಿದರೆ ಆಯಿತು.

ಟೈಪ್ ಮಾಡಿ ಪ್ಲೀಸ್
ಅಂದರೆ ಅವರು ಐದು ನಿಮಿಷ ಮಾತಾಡಲಿ, ಕೆಲಸ ಎಲ್ಲ ನಾವು ಮಾಡೋಣ. ಇದು ನ್ಯಾಯ ಅನ್ನಿಸುವುದಿಲ್ಲ. ಕಳಿಸುವವರಿಗೂ ಒಂದೆರಡು ನಿಯಮ ಬೇಡವೇ?

ಮೇಷ್ಟ್ರು, ತಿಪಟೂರು
ನಿಯಮ ಬೇಕು, ನಾನೂ ಒಪ್ಪುತ್ತೇನೆ. ನಾನು ಪಾಲಿಸುವುದು ಹೇಳುತ್ತೇನೆ. ಮೊದಲ ಮಾತಿನಲ್ಲೇ ವಿಷಯ ಹೇಳುತ್ತೇನೆ, "ಇದು ಸೊಸೈಟಿ ಸಭೆಯ ವಿಷಯ, ಉತ್ತರ ಬೇಕು" ಅಂತ. ಒಂದು ವಾಯ್ಸಿಗೆ ಒಂದೇ ವಿಷಯ. ಇನ್ನೊಂದು ನೆನಪಾದರೆ ಕೈ ಬಿಟ್ಟು ಇನ್ನೊಂದು ವಾಯ್ಸ್ ಮಾಡುತ್ತೇನೆ. ಸಂಖ್ಯೆ ಇದ್ದರೆ ಅದೊಂದನ್ನು ಮಾತ್ರ ಟೈಪ್ ಮಾಡುತ್ತೇನೆ. ಅಂಕಿಗೆ ಒತ್ತಕ್ಷರ ಇಲ್ಲವಲ್ಲ.

ಬಾಳೆಎಲೆ (ಹಾಸನ)
ಮೇಷ್ಟ್ರೇ, ಈ ಕೊನೆಯ ಮಾತು ಬಹಳ ಉಪಕಾರ. ಟೈಪ್ ಮಾಡಿ ಅಂದರೆ ಬೇಜಾರಾಗುತ್ತಾರೆ. "ಎಲೆ ಎಷ್ಟು ಅನ್ನುವ ಅಂಕಿ ಮಾತ್ರ ಒತ್ತಿ ಕಳಿಸಿ" ಅಂದರೆ ಯಾರೂ ಬೇಡ ಅನ್ನಲಾರರು.

ಚಿಕ್ಕು
ಜಾಗ ಖಾಲಿ ಆಯ್ತು, ಥ್ಯಾಂಕ್ಸ್ ಸವಿತಾ. ವೀಡಿಯೊನೇ ತಿಂದಿದ್ದು.

ಬಾಳೆಎಲೆ (ಹಾಸನ)
ಹನ್ನೆರಡು ದಿನ ಆಯಿತು, ಬಂದು ಹೇಳೋಣ ಅಂತ. ಹೋದ ಭಾನುವಾರ ಒಂದು ಮದುವೆ ಇತ್ತು. ಹಿಂದಿನ ಶುಕ್ರವಾರ ಆ ಗ್ರೂಪಿನಲ್ಲಿ 19 ವಾಯ್ಸ್, ಒಟ್ಟು 36 ನಿಮಿಷ. ಕೆಳಗಿಂದ ಮೇಲೆ ಬಂದೆ. ಚಿಕ್ಕವು ಪೂರ್ತಿ, ಉದ್ದದವು ಮೊದಲು ಮತ್ತು ಕೊನೆ. ಮೂರು ಸಲ ಬಿಡುವು ಮಾಡಿಕೊಂಡು 14 ನಿಮಿಷದಲ್ಲಿ ಮುಗಿಸಿದೆ. ಎರಡು ಬದಲಾವಣೆ ಸಿಕ್ಕಿತು. ಚಿರೋಟಿ ಬದಲು ಹೋಳಿಗೆ, ಬೆಳಗಿನ ತಿಂಡಿ ಏಳರ ಬದಲು ಆರೂವರೆ. ಎರಡೂ "ಹಾಂ" ಆದ ಮೇಲೇ ಇತ್ತು. ಎರಡನ್ನೂ ಬರೆದು ಕೇಳಿದೆ, ಹುಡುಗನ ಅಕ್ಕ ಹೂಂ ಅಂದರು.

ಒಂದು ತಪ್ಪಿತು. ಉದ್ದದ ಒಂದು ವಾಯ್ಸಿನ ನಡುವೆ, ಹನ್ನೆರಡು ಜನ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಅಂತ ಇತ್ತು. ಅದಕ್ಕೆ ನಕ್ಷತ್ರ ಹಾಕಿದ್ದೆ. ರಾತ್ರಿ ಹತ್ತಕ್ಕೆ ಪೂರ್ತಿ ಕೇಳಿದಾಗ ಸಿಕ್ಕಿತು. ಇನ್ನೂ ಒಂದು ದಿನ ಇತ್ತು, ಅವರಿಗೆ ಬೇರೆ ಸಾರು ಮಾಡಿದೆವು. ನಕ್ಷತ್ರ ಇಲ್ಲದಿದ್ದರೆ ಹೋಗಿತ್ತು.

ಆಶಾ_ಮೂಡಿಗೆರೆ ಕಡೆ
ನಾನು ಹೇಳಿದ್ದೂ ಅದೇ ಅಕ್ಕ, ನಡುವೆ ಇರುತ್ತದೆ. ಮದುವೆ ಹಿಂದಿನ ದಿನ ಬಂದ ವಾಯ್ಸ್ ಆದರೆ ರಾತ್ರಿ ಹತ್ತಕ್ಕೆ ಕೇಳಿ ಏನು ಪ್ರಯೋಜನ?

ಲಾರಿ ಆಫೀಸು, ಹುಬ್ಬಳ್ಳಿ
ಅದಕ್ಕೆ ನನ್ನಲ್ಲೂ ಪೂರ್ತಿ ಉತ್ತರ ಇಲ್ಲ ತಾಯಿ. ಗಾಡಿ ಹೊರಡುವ ಮುಂಚಿನ ಎರಡು ಗಂಟೆಯಲ್ಲಿ ಬಂದ ವಾಯ್ಸನ್ನು ನಾನು ಎಳೆದು ಕೇಳುವುದಿಲ್ಲ, ಎಷ್ಟೇ ಉದ್ದ ಇರಲಿ ಪೂರ್ತಿ ಕೇಳುತ್ತೇನೆ. ಅಡುಗೆಗೆ ಆ ಎರಡು ಗಂಟೆ ಎಷ್ಟಾಗುತ್ತದೆ ಅಂತ ಅಕ್ಕನೇ ಹೇಳಬೇಕು.

ಬಾಳೆಎಲೆ (ಹಾಸನ)
ತರಕಾರಿ ಹೆಚ್ಚುವುದು ಹಿಂದಿನ ಮಧ್ಯಾಹ್ನ ಶುರು. ಹಾಗಾದರೆ ಹಿಂದಿನ ದಿನ ಬೆಳಗಿನಿಂದ ಬಂದದ್ದೆಲ್ಲ ಪೂರ್ತಿ ಕೇಳಬೇಕು. ತಮ್ಮನಿಗೆ ಹೇಳಿದ್ದೇನೆ, ಆ ಒಂದು ದಿನ ಒಬ್ಬರು ಒಲೆ ಹತ್ತಿರ, ಒಬ್ಬರು ಫೋನ್ ಹತ್ತಿರ. ಮುಂದಿನ ಗುರುವಾರ ಇನ್ನೊಂದು ಮದುವೆ ಇದೆ, ಮಾಡಿ ನೋಡಿ ಬರೆಯುತ್ತೇನೆ.